ಉಳಿದ 60 ಶರ್ಟ್‌ಗಳ ಲೆಕ್ಕ

"ಅಣ್ಣಾ, ಆರು ತಿಂಗಳಿಂದ ಮಾಲು ಹಂಗೇ ಕೂತಿದೆ. ದುಡ್ಡೂ ಹೋಗಬಾರದು, ಅಂಗಡಿ ಹೆಸರೂ ಕೆಡಬಾರದು. ಹೆಂಗೆ ಖಾಲಿ ಮಾಡೋದು?" ಅಂತ ಬಟ್ಟೆ ಅಂಗಡಿಯವರು ನನ್ನನ್ನು ಕೇಳ್ತಾರೆ.

ಹೋಗಬಾರದು ಅಂತೀರಲ್ಲ, ಆ ದುಡ್ಡು ಆಗಲೇ ಹೋಗಿದೆ. ಮಾಲು ತಂದ ದಿನವೇ ಹೋಯ್ತು. ಈಗ ನೋಡಬೇಕಾದ್ದು ಎಷ್ಟು ವಾಪಸ್ ಬರುತ್ತೆ, ಎಷ್ಟು ಬೇಗ ಬರುತ್ತೆ ಅಂತ ಮಾತ್ರ. "ಅಸಲಿಗಿಂತ ಕಮ್ಮಿಗೆ ಕೊಡಲ್ಲ" ಅಂತ ಹಟ ಹಿಡಿದವರ ಹತ್ತಿರ ನಾನು ಮಾತು ಮುಂದುವರಿಸೋದೇ ಇಲ್ಲ.

ಹೆಸರಿನ ವಿಷಯ ಮೊದಲು ಹೇಳ್ತೀನಿ, ಯಾಕಂದ್ರೆ ಅದರಲ್ಲಿ ನಾನು ಪೆಟ್ಟು ತಿಂದಿದ್ದೇನೆ. ದಾವಣಗೆರೆಯಲ್ಲಿ ನನ್ನದು ರೆಡಿಮೇಡ್ ಅಂಗಡಿ. ಒಂದು ದೀಪಾವಳಿ ಮುಗಿದ ಮೇಲೆ ಉಳಿದ ಶರ್ಟ್‌ಗಳನ್ನು ಅಂಗಡಿ ಮುಂದೆ ಮೇಜಿನ ಮೇಲೆ ಸುರಿದು "ಯಾವುದೇ ತಗೊಳ್ಳಿ 300" ಅಂತ ಬೋರ್ಡ್ ಹಾಕಿದೆ. ಮೂರನೇ ದಿನ ಒಬ್ಬ ಟೀಚರಮ್ಮ ಬಂದರು, ವರ್ಷಗಳಿಂದ ನಮ್ಮ ಗಿರಾಕಿ. ಹಬ್ಬಕ್ಕೆ ಮಗನಿಗೆ ಅದೇ ಶರ್ಟನ್ನು 850ಕ್ಕೆ ಒಯ್ದಿದ್ದರು. ಬಿಲ್ ತೆಗೆದು ಗಲ್ಲಾ ಮೇಲಿಟ್ಟು, "ನಮಗೆ ಮಾತ್ರ ಜಾಸ್ತಿ ಹಾಕಿದ್ರೇನ್ರೀ?" ಅಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವರು ಮತ್ತೆ ಬರಲಿಲ್ಲ. ಅವತ್ತಿನಿಂದ ಅಂಗಡಿ ಮುಂದೆ ರಾಶಿ ಹಾಕೋದು ಬಿಟ್ಟೆ.

ಆಮೇಲೊಂದು ವರ್ಷ 60 ಶರ್ಟ್ ನಿಂತವು. ಜಿಎಸ್‌ಟಿ ಬಿಟ್ಟು ಒಂದಕ್ಕೆ 420 ಅಸಲು, ಒಟ್ಟು 25,200. ಈ ಸಲ ಮೂರು ದಾರಿ ಹಿಡಿದೆ.

ಮೊದಲು ಹೋಲ್‌ಸೇಲ್‌ನವರ ಹತ್ತಿರ ಹೋದೆ. ಪಿನ್ನು, ಕವರ್ ಬಿಚ್ಚದ 20 ಪೀಸ್‌ಗೆ ಕ್ರೆಡಿಟ್ ನೋಟ್ ಕೊಟ್ಟು, ಅದೇ 8,400ಕ್ಕೆ ಓಡುವ ಸೈಜ್ ಕೊಟ್ಟರು. ನಗದು ಕೊಡಲ್ಲ, ಬದಲಿ ಮಾಲು ಅಷ್ಟೇ. ಸೀಸನ್ ದಾಟಿದ ಮೇಲೆ ಹೋದರೆ ಅದೂ ಇಲ್ಲ.

ಇನ್ನು 24 ಶರ್ಟನ್ನು ಪ್ಯಾಂಟ್ ಜೊತೆ ಸೇರಿಸಿದೆ. 900ರ ಪ್ಯಾಂಟ್, ಶರ್ಟ್ ಸೇರಿ ಸೆಟ್ 1,250. ಪ್ಯಾಂಟಿನ ಲಾಭ ಹಾಗೇ ಉಳಿಯಿತು, ಶರ್ಟಿಗೆ 350 ಸಿಕ್ಕಿತು, ಅಂದರೆ 8,400. ಶರ್ಟಿಗೆ ಬೇರೆ ರೇಟ್ ಬರೆಯಲಿಲ್ಲ, ಹಾಗಾಗಿ ಹಳೇ ಗಿರಾಕಿಗೆ ಹೋಲಿಸಿ ನೋಡಲು ಏನೂ ಸಿಗಲಿಲ್ಲ. ಇಲ್ಲೊಂದು ಎಚ್ಚರಿಕೆ. "ಗಿಫ್ಟ್" ಅಂತ ಪುಕ್ಕಟೆ ಕೊಟ್ಟರೆ, ಸಿಜಿಎಸ್‌ಟಿ ಕಾಯ್ದೆಯ 17(5)(ಎಚ್) ಪ್ರಕಾರ ಆ ಮಾಲಿನ ಮೇಲೆ ತಗೊಂಡ ಇನ್‌ಪುಟ್ ಕ್ರೆಡಿಟ್ ವಾಪಸ್ ಕಟ್ಟಬೇಕು. ಒಂದೇ ಬೆಲೆಗೆ ಎರಡು ವಸ್ತು ಅಂತ ಮಾರಿದರೆ ಆ ತೊಂದರೆ ಇಲ್ಲ. 2019ರ ಮಾರ್ಚ್‌ನ ಸುತ್ತೋಲೆಯಲ್ಲಿ ಇದನ್ನು ಸ್ಪಷ್ಟ ಮಾಡಿದ್ದಾರೆ. ಬಿಲ್ಲಿನಲ್ಲಿ ಸೆಟ್ ಅಂತಲೇ ಬರೆಯಿರಿ.

ಕೊನೆಗೆ ಉಳಿದ 16ನ್ನು ಜಗಳೂರು, ಹೊಳಲ್ಕೆರೆ ಕಡೆ ಸಂತೆ ಮಾಡುವ ವ್ಯಾಪಾರಿಗೆ ತಲಾ 200ರಂತೆ ಕೊಟ್ಟೆ. 3,200 ಬಂತು. ಕೊಡುವ ಮೊದಲು ನಾನೇ ಕೂತು ಅಂಗಡಿ ಹೆಸರಿನ ಸ್ಟಿಕ್ಕರ್, ರೇಟಿನ ಚೀಟಿ ಎಲ್ಲ ಕಿತ್ತೆ. ದುಡ್ಡು ಕೈಗೆ ಬಂದ ಮೇಲೇ ಗಂಟು ಕೊಟ್ಟಿದ್ದು. ಉದ್ರಿ ಕೊಟ್ಟರೆ ಗೋಡೌನಿನಲ್ಲಿ ಕೂತ ಮಾಲು ಖಾತೆ ಪುಸ್ತಕದಲ್ಲಿ ಬಾಕಿಯಾಗಿ ಕೂರುತ್ತೆ, ಅಷ್ಟೇ ವ್ಯತ್ಯಾಸ.

ಒಟ್ಟು ವಾಪಸ್ ಬಂದಿದ್ದು 20,000. ಹೋಗಿದ್ದು 5,200. ಕೈಗೆ ಬಂದ ನಗದು 11,600ನ್ನು ಮೇ ತಿಂಗಳಲ್ಲೇ ಸ್ಕೂಲ್ ಯೂನಿಫಾರಂಗೆ ಹಾಕಿದೆ. ಜೂನ್ ಮುಗಿಯುವಷ್ಟರಲ್ಲಿ ಅದು 14,000 ದಾಟಿತು. ಆ ಶರ್ಟ್‌ಗಳು ರ‍್ಯಾಕಿನಲ್ಲೇ ಕೂತಿದ್ದರೆ ಯೂನಿಫಾರಂಗೆ ಬ್ಯಾಂಕಿನ ಸಿಸಿ ಖಾತೆಯಿಂದ ಬಡ್ಡಿ ದುಡ್ಡು ತೆಗೆಯಬೇಕಿತ್ತು.

ಆದರೆ ಇಷ್ಟು ವರ್ಷದಲ್ಲಿ ಒಬ್ಬರಾದರೂ "ಉಳಿದ 60 ಯಾವ ಸೈಜು?" ಅಂತ ಕೇಳಲಿಲ್ಲ. ನನಗೆ ಹೇಳಬೇಕು ಅನಿಸೋದೇ ಅದು. 36ರದ್ದು 28, 46ರದ್ದು 23, ನಡುವಿನವು ಬರೀ 9. ಡಿಸೈನ್ ಕೆಟ್ಟದಾಗಿರಲಿಲ್ಲ, ಬಣ್ಣವೂ ಚೆನ್ನಾಗೇ ಇತ್ತು. ನಾನು 36ರಿಂದ 46ರವರೆಗೆ ಒಂದೊಂದರಂತೆ 30 ಸೆಟ್ ತಂದಿದ್ದೆ. 40, 42 ಬೇಗ ಖಾಲಿಯಾದವು. ಬಂದ ಗಿರಾಕಿ ತನ್ನ ಸೈಜ್ ಸಿಗದೆ ವಾಪಸ್ ಹೋದ. ನಾವು ಅದನ್ನೇ ಮಾಲು ಓಡ್ತಿಲ್ಲ ಅಂದುಕೊಂಡೆವು.

ಈಗ ಪ್ರತಿ ಚೀಟಿಯ ಹಿಂದೆ ಮಾಲು ಬಂದ ತಿಂಗಳು ಬರೆಯುತ್ತೇವೆ. ಮೂರು ತಿಂಗಳಾಯ್ತು ಅಂದರೆ ಹುಡುಗ ಆ ಡಿಸೈನ್ ಕೆಳಗಿಳಿಸಿ ಸೈಜ್ ಎಣಿಸುತ್ತಾನೆ. ನಡುವಿನ ಸೈಜ್ ಇದ್ದೂ ಹೋಗಿಲ್ಲ ಅಂದರೆ ಡಿಸೈನೋ ರೇಟೋ ಹಿಡಿಸಿಲ್ಲ. ಎರಡು ತುದಿ ಮಾತ್ರ ಉಳಿದಿದ್ದರೆ ಅವತ್ತೇ ಹೋಲ್‌ಸೇಲ್‌ನವರಿಗೆ ಫೋನ್. ಹೋದ ಸಲ ಆರ್ಡರ್ ಕೊಡುವಾಗ 36, 46 ಬೇಡ ಅಂದೆ. "ಸೆಟ್ ಒಡೆಯಲ್ಲ" ಅಂದರು. 30 ಸೆಟ್ ಬರೆದಿದ್ದನ್ನು ಹೊಡೆದು ಹಾಕಿ 12 ಮಾಡಿಸಿದೆ.