ಪ್ಯಾರಿಸ್, ಸ್ವಿಸ್, ವೆನಿಸ್: ಯಾವ ಸಿಮ್, ಯಾವ ಮ್ಯಾಪ್?

"ಮೇ ತಿಂಗಳಲ್ಲಿ ಪ್ಯಾರಿಸ್, ಸ್ವಿಟ್ಜರ್ಲೆಂಡ್, ಇಟಲಿ ಹೋಗ್ತಿದ್ದೀವಿ. ಇಲ್ಲಿಂದಲೇ ರೋಮಿಂಗ್ ಹಾಕಿಸ್ಕೊಂಡು ಹೋಗೋದಾ, ಅಲ್ಲಿಳಿದು ಸಿಮ್ ತಗೊಳ್ಳೋದಾ, ಇಲ್ಲಾ ಇ-ಸಿಮ್ ಸಾಕಾ? ನೆಟ್ ಸಿಗದೇ ಇದ್ರೆ ಮ್ಯಾಪ್ ಗತಿ ಏನು?"

ತಾವೇ ಟಿಕೆಟ್, ಹೋಟೆಲ್ ಬುಕ್ ಮಾಡಿಕೊಂಡು ಹೋಗುವವರಿಗೆ ನಾನು ಹೇಳುವುದು ಇಷ್ಟು. ಇಂಡಿಯಾ ಸಿಮ್ ಫೋನಿನಲ್ಲೇ ಇರಲಿ, ಅದರ ಡೇಟಾ ಮಾತ್ರ ಆಫ್ ಮಾಡಿ. ನೆಟ್‌ಗೆ ಇಡೀ ಯುರೋಪಿಗೆ ಆಗುವ ಒಂದು ಇ-ಸಿಮ್, ಅಂದರೆ ಕಾರ್ಡ್ ಇಲ್ಲದೆ ಫೋನಿನೊಳಗೇ ಇಳಿಸಿಕೊಳ್ಳುವ ಸಿಮ್, ತಗೊಳ್ಳಿ, ಆದರೆ ದುಡ್ಡು ಕಟ್ಟುವ ಮುಂಚೆ ಅದರ ದೇಶಗಳ ಪಟ್ಟಿಯಲ್ಲಿ ಸ್ವಿಟ್ಜರ್ಲೆಂಡ್ ಹೆಸರಿದೆಯಾ ನೋಡಿ. ಮ್ಯಾಪ್‌ಗೆ ಗೂಗಲ್ ಒಂದನ್ನೇ ನಂಬಬೇಡಿ. ಯಾಕೆ ಅನ್ನುವುದನ್ನು ಬಿಡಿಸಿ ಹೇಳುತ್ತೇನೆ.

ಎಲ್ಲರಿಗೂ ನೆಟ್‌ದೇ ಚಿಂತೆ. ಆದರೆ ಹೊರದೇಶದಲ್ಲಿ ಹೆಚ್ಚಾಗಿ ಕೈ ಕೊಡುವುದು ಒಟಿಪಿ. ಮಿಲಾನ್‌ನಲ್ಲಿ ಕೂತು ಮರುದಿನದ ರೈಲು ಟಿಕೆಟ್ ಬುಕ್ ಮಾಡುತ್ತೀರಿ, ನಮ್ಮ ಬ್ಯಾಂಕಿನ ಕಾರ್ಡ್ ಹಾಕುತ್ತೀರಿ, ಒಟಿಪಿ ಬರುವುದು ಇಂಡಿಯಾ ನಂಬರಿಗೆ. ಆ ಸಿಮ್ ತೆಗೆದು ಪರ್ಸಿನಲ್ಲಿಟ್ಟು ಅಲ್ಲಿಯ ಸಿಮ್ ಹಾಕಿಕೊಂಡಿದ್ದರೆ ಕೆಲಸ ಅಲ್ಲಿಗೇ ನಿಂತಿತು. ಸಿಮ್ ಬದಲಾಗಿದೆ ಅಂತ ಕೆಲವು ಬ್ಯಾಂಕ್ ಆ್ಯಪ್‌ಗಳು ತೆರೆಯುವುದೇ ಇಲ್ಲ. ಅದಕ್ಕೇ ಇಂಡಿಯಾ ಸಿಮ್ ಜಾಗ ಬಿಟ್ಟು ಕದಲಬಾರದು. ನಮ್ಮ ಕಂಪನಿಗಳಲ್ಲಿ ರೋಮಿಂಗ್‌ನಲ್ಲಿ ಬರುವ ಎಸ್ಸೆಮ್ಮೆಸ್‌ಗೆ ಸಾಮಾನ್ಯವಾಗಿ ದುಡ್ಡಿಲ್ಲ. ಆದರೆ ಇಂಟರ್‌ನ್ಯಾಷನಲ್ ರೋಮಿಂಗ್ ಚಾಲೂ ಆಗಿರಬೇಕು, ಪ್ರೀಪೇಯ್ಡ್ ಆದರೆ ವಾಪಸ್ ಬರುವವರೆಗೂ ವ್ಯಾಲಿಡಿಟಿ ಇರಬೇಕು. ರೋಮಿಂಗ್ ಪ್ಯಾಕ್ ಇಲ್ಲದೆಯೂ ಎಸ್ಸೆಮ್ಮೆಸ್ ಬರುತ್ತದೆಯಾ ಅಂತ ಹೊರಡುವ ವಾರ ಮುಂಚೆಯೇ ಕಸ್ಟಮರ್ ಕೇರ್‌ನಲ್ಲಿ ಕೇಳಿ ಖಚಿತ ಮಾಡಿಕೊಳ್ಳಿ. ಅಲ್ಲಿಗೆ ಹೋದಮೇಲೆ ಚಾಲೂ ಮಾಡಿಸೋಣ ಅಂದರೆ, ಅದಕ್ಕೂ ಒಟಿಪಿ ಕೇಳುತ್ತಾರೆ!

ಎಸ್ಸೆಮ್ಮೆಸ್ ಬೇರೆ, ಕರೆ ಬೇರೆ. ಪ್ಯಾಕ್ ಇಲ್ಲದಿದ್ದರೆ ಬಂದ ಕರೆ ಎತ್ತಿದರೂ ನಿಮಿಷದ ಲೆಕ್ಕದಲ್ಲಿ ದುಡ್ಡು ಹೋಗುತ್ತದೆ. ಮೇ ತಿಂಗಳಲ್ಲಿ ಪ್ಯಾರಿಸ್ ನಮಗಿಂತ ಮೂರೂವರೆ ಗಂಟೆ ಹಿಂದೆ. ಇಲ್ಲಿ ಬೆಳಿಗ್ಗೆ 10ಕ್ಕೆ "ಪರ್ಸನಲ್ ಲೋನ್ ಬೇಕಾ ಸರ್" ಅಂತ ಬರುವ ಫೋನು ಅಲ್ಲಿ ಬೆಳಗಿನ ಆರೂವರೆಗೆ ಬಡಿದೆಬ್ಬಿಸುತ್ತದೆ. ನಿದ್ದೆಗಣ್ಣಲ್ಲಿ ಎತ್ತಬೇಡಿ. ಮನೆಯವರಿಗೆಲ್ಲ ವಾಟ್ಸಾಪ್‌ನಲ್ಲೇ ಮಾಡಿ ಅಂತ ಹೇಳಿಬಿಡಿ. ವಾಟ್ಸಾಪ್ ಹಳೆಯ ನಂಬರಿನಲ್ಲೇ ನಡೆಯುತ್ತದೆ. ಹೊಸ ಸಿಮ್ ಕಂಡು "ನಂಬರ್ ಬದಲಾಯಿಸಲಾ" ಅಂತ ಕೇಳಿದರೆ ಬೇಡ ಅನ್ನಿ.

ಇನ್ನು ಸ್ವಿಟ್ಜರ್ಲೆಂಡ್ ವಿಷಯ. ಯುರೋಪಿಯನ್ ಯೂನಿಯನ್ ದೇಶಗಳ ನಡುವೆ ರೋಮಿಂಗ್ ಚಾರ್ಜ್ 2017ರ ಜೂನ್‌ನಲ್ಲಿ ಹೋಯಿತು. ಪ್ಯಾರಿಸ್‌ನಲ್ಲಿ ತಗೊಂಡ ಸಿಮ್ ರೋಮ್‌ನಲ್ಲೂ ಅದೇ ಪ್ಲ್ಯಾನ್‌ನಲ್ಲಿ ನಡೆಯುತ್ತದೆ. ಹೊರದೇಶದಲ್ಲಿ ಬಳಸುವ ಡೇಟಾಗೆ ಮಿತಿ ಇರಬಹುದು, ಅಷ್ಟೇ. ಆದರೆ ಸ್ವಿಟ್ಜರ್ಲೆಂಡ್ ಆ ಯೂನಿಯನ್‌ನಲ್ಲಿ ಇಲ್ಲ. ಷೆಂಗೆನ್ ವೀಸಾ ಒಂದೇ, ಗಡಿಯಲ್ಲಿ ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ, ಹಾಗಾಗಿ ಸಿಮ್ಮೂ ಒಂದೇ ಅಂದುಕೊಂಡುಬಿಡುತ್ತೇವೆ. ಪ್ಯಾರಿಸ್‌ನಿಂದ ಜ್ಯೂರಿಕ್ ರೈಲು ಬಾಸೆಲ್ ದಾಟುತ್ತಿದ್ದ ಹಾಗೆ "ಸ್ವಿಟ್ಜರ್ಲೆಂಡ್‌ಗೆ ಸ್ವಾಗತ" ಅಂತ ಮೆಸೇಜ್ ಬರುತ್ತದೆ, ಕೆಳಗೆ ಒಂದು ಎಂಬಿಗೆ ಇಷ್ಟು ಅಂತ ರೇಟು. ಪ್ರೀಪೇಯ್ಡ್ ಆದರೆ ನೆಟ್ ನಿಂತೇ ಹೋಗಬಹುದು. ಕೆಲವು ಟೂರಿಸ್ಟ್ ಪ್ಯಾಕ್‌ಗಳಲ್ಲಿ ಸ್ವಿಸ್ ಕೂಡ ಸೇರಿರುತ್ತದೆ, ಕೆಲವದರಲ್ಲಿ ಇಲ್ಲ. ಲಂಡನ್‌ಗೂ ಹೋಗುವವರು ಬ್ರಿಟನ್ ಹೆಸರನ್ನೂ ಹುಡುಕಿ, ಅದೂ ಈಗ ಯೂನಿಯನ್‌ನ ಹೊರಗೆ. "ಯುರೋಪ್ ಪ್ಲ್ಯಾನ್" ಅನ್ನುವ ದಪ್ಪಕ್ಷರ ನೋಡಿ ಖುಷಿಪಡಬೇಡಿ. ದೇಶಗಳ ಪಟ್ಟಿ ತೆರೆದು ಓದಿ.

ಇ-ಸಿಮ್ ಆಗುತ್ತದೋ ಇಲ್ಲವೋ ನೋಡಲು ಡಯಲರ್‌ನಲ್ಲಿ *#06# ಒತ್ತಿ. ಐಎಂಇಐ ಜೊತೆಗೆ EID ಅಂತ ಉದ್ದದ ನಂಬರ್ ಕಂಡರೆ ಆಗುತ್ತದೆ. ಮಧ್ಯಮ ಬೆಲೆಯ ಆ್ಯಂಡ್ರಾಯ್ಡ್‌ಗಳಲ್ಲಿ ಎಷ್ಟೋ ಫೋನುಗಳಿಗೆ ಇದು ಇಲ್ಲ. ಅಮೆರಿಕದಿಂದ ತಂದುಕೊಟ್ಟ ಫೋನಾದರೆ ಅಲ್ಲಿಯ ಕಂಪನಿಗೆ ಲಾಕ್ ಆಗಿಲ್ಲ ಅನ್ನುವುದನ್ನೂ ನೋಡಿಕೊಳ್ಳಿ. ಅಲ್ಲಿ ಮಾರುವ ಐಫೋನ್ 14 ಮತ್ತು ನಂತರದವುಗಳಲ್ಲಿ ಸಿಮ್ ಹಾಕುವ ಜಾಗವೇ ಇಲ್ಲ, ಅಂಥ ಫೋನ್ ಹಿಡಿದು ಅಂಗಡಿಯಲ್ಲಿ ಸಿಮ್ ಕೊಂಡರೆ ಸುಮ್ನೆ ದಂಡ.

ಇ-ಸಿಮ್ ಅನ್ನು ಮನೆಯ ವೈಫೈನಲ್ಲೇ ಹಾಕಿಕೊಳ್ಳಿ. ಕ್ಯೂಆರ್ ಕೋಡ್ ಬರುವುದು ಅದೇ ಫೋನಿನ ಮೇಲ್‌ಗೆ, ಸ್ಕ್ಯಾನ್ ಮಾಡಬೇಕಾದ್ದೂ ಅದೇ ಫೋನಿನಿಂದ. ಹಾಗಾಗಿ ಲ್ಯಾಪ್‌ಟಾಪ್‌ನಲ್ಲಿ ತೆರೆದಿಟ್ಟುಕೊಂಡರೆ ಸಲೀಸು. ಹಾಕಿದ ಮೇಲೆ ಇ-ಸಿಮ್ ಡಿಲೀಟ್ ಮಾಡಬೇಡಿ. ಬಹಳಷ್ಟು ಕೋಡ್‌ಗಳು ಒಂದು ಸಲಕ್ಕೆ ಮಾತ್ರ. ಪ್ಲ್ಯಾನ್‌ನ ದಿನಗಳ ಲೆಕ್ಕ ಶುರುವಾಗುವುದು ಇ-ಸಿಮ್ ಹಾಕಿದ ಕ್ಷಣದಿಂದಲೋ, ಅಲ್ಲಿಯ ನೆಟ್‌ವರ್ಕ್ ಹಿಡಿದ ಮೇಲಿಂದಲೋ ಅನ್ನುವುದನ್ನೂ ಓದಿಕೊಳ್ಳಿ.

ಇಳಿದ ಮೇಲೆ ಜಾಸ್ತಿ ಜನ ಒದ್ದಾಡುವುದು ಒಂದೇ ಕಡೆ. ರೋಮಿಂಗ್ ಅಂದರೆ ಬಿಲ್ಲು ಅಂತ ಭಯ, ಅದಕ್ಕೆ ಎರಡೂ ಸಿಮ್‌ನಲ್ಲಿ Data Roaming ಆಫ್ ಮಾಡಿಟ್ಟಿರುತ್ತಾರೆ. ಟವರ್ ಕಡ್ಡಿ ಫುಲ್, ನೆಟ್ ಮಾತ್ರ ಸೊನ್ನೆ. ಈ ಟ್ರಾವೆಲ್ ಇ-ಸಿಮ್‌ಗಳು ಬಹುಪಾಲು ಬೇರೆ ಯಾವುದೋ ದೇಶದ ಕಂಪನಿಯವು. ಪ್ಯಾರಿಸ್‌ನಲ್ಲಿ ಅವೂ ರೋಮಿಂಗ್‌ನಲ್ಲೇ ಇರುತ್ತವೆ. ಆದ್ದರಿಂದ ಇ-ಸಿಮ್‌ಗೆ Data Roaming ಆನ್, ಇಂಡಿಯಾ ಸಿಮ್‌ಗೆ ಆಫ್. ಐಫೋನ್‌ನಲ್ಲಿ Allow Cellular Data Switching ಅನ್ನುವುದನ್ನೂ ಆಫ್ ಮಾಡಿ. ಅದು ಆನ್ ಇದ್ದರೆ ಫೋನು ತಾನಾಗಿಯೇ ಇನ್ನೊಂದು ಸಿಮ್ಮಿನ ಡೇಟಾಗೆ ಹಾರಬಹುದು. ಇಷ್ಟಾದರೂ ನೆಟ್ ಬರದಿದ್ದರೆ ಇ-ಸಿಮ್ ಕೊಟ್ಟವರ ಮೇಲ್‌ನಲ್ಲಿ APN ಅಂತ ಬರೆದು ಅದರ ಮುಂದೆ ಒಂದು ಪದ ಕೊಟ್ಟಿರುತ್ತಾರೆ, ಆ ಪದವನ್ನು ಸೆಟ್ಟಿಂಗ್ಸ್‌ನ APN ಜಾಗದಲ್ಲಿ ಟೈಪ್ ಮಾಡಿ. ಆ ಮೇಲ್‌ನ ಸ್ಕ್ರೀನ್‌ಶಾಟ್ ಮೊದಲೇ ಇರಲಿ, ನೆಟ್ ಇಲ್ಲದಾಗ ಮೇಲ್ ತೆರೆಯುವುದು ಹೇಗೆ, ಅಲ್ವಾ?

ಅಲ್ಲಿಯ ಸಿಮ್ ಯಾವಾಗ ವಾಸಿ? ಒಂದೇ ದೇಶದಲ್ಲಿ ತಿಂಗಳುಗಟ್ಟಲೆ ಇರುವುದಾದರೆ, ಮಗಳ ಬಾಣಂತನಕ್ಕೋ ಓದಿಗೋ ಹೋಗಿದ್ದರೆ. ಆಗ ಅಲ್ಲಿಯ ನಂಬರೇ ಬೇಕಾಗುತ್ತದೆ. ಟ್ರಾವೆಲ್ ಇ-ಸಿಮ್‌ನಲ್ಲಿ ಸಾಮಾನ್ಯವಾಗಿ ಡೇಟಾ ಮಾತ್ರ, ನಂಬರ್ ಇರುವುದಿಲ್ಲ. ಸಿಮ್ ಕೊಳ್ಳಲು ಪಾಸ್‌ಪೋರ್ಟ್ ಕೇಳುತ್ತಾರೆ, ಏರ್‌ಪೋರ್ಟ್ ಅಂಗಡಿಗಿಂತ ಊರೊಳಗೆ ಅಗ್ಗ.

ರೋಮಿಂಗ್ ಪ್ಯಾಕ್ ಅನ್ನು ಬೈಯುವವರ ಗುಂಪಿನಲ್ಲಿ ನಾನಿಲ್ಲ. ಅಪ್ಪ ಅಮ್ಮ ಗ್ರೂಪ್ ಟೂರ್‌ನಲ್ಲಿ ಹೋಗುತ್ತಿದ್ದರೆ ಕಣ್ಣು ಮುಚ್ಚಿ ಅದನ್ನೇ ಹಾಕಿಸಿ. ಅವರು ಯಾವ ಸೆಟ್ಟಿಂಗೂ ಮುಟ್ಟಬೇಕಿಲ್ಲ, ಅದೇ ನಂಬರಿಗೆ ನೀವು ಫೋನ್ ಮಾಡಬಹುದು, ಟೂರ್ ಮ್ಯಾನೇಜರ್ ಕೂಡ ಮಾಡಬಹುದು. ಇದರಲ್ಲೂ ದೇಶಗಳ ಪಟ್ಟಿ ನೋಡಬೇಕು. ಒಂದು ದಿನ ಅಂದರೆ 24 ಗಂಟೆಯೋ ಇಲ್ಲಾ ನಮ್ಮ ಮಧ್ಯರಾತ್ರಿಗೆ ಮುಗಿಯುತ್ತದೋ ಅಂತಲೂ ಕೇಳಿ. ವಿಮಾನದ ಒಳಗಿನ, ಕ್ರೂಸ್ ಹಡಗಿನ ನೆಟ್‌ವರ್ಕ್ ಸಾಮಾನ್ಯ ಪ್ಯಾಕ್‌ಗೆ ಸೇರುವುದಿಲ್ಲ. ವಿಮಾನದಲ್ಲಿ ಫ್ಲೈಟ್ ಮೋಡ್ ಹಾಕದೆ ಮಲಗಿ ಬಿಲ್ಲು ಬರಿಸಿಕೊಂಡವರಿದ್ದಾರೆ.

ಈಗ ಮ್ಯಾಪ್. ಗೂಗಲ್ ಮ್ಯಾಪ್ಸ್‌ನಲ್ಲಿ ನಿಮ್ಮ ಫೋಟೋ ಒತ್ತಿ, Offline maps, ಆಮೇಲೆ Select your own map. ಊರಿನ ಮೇಲೆ ಚೌಕಟ್ಟು ಎಳೆದು ಡೌನ್‌ಲೋಡ್. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಏನೆಂದರೆ, ನೆಟ್ ಇಲ್ಲದಾಗ ಗೂಗಲ್ ಹೇಳುವುದು ಕಾರಿನ ದಾರಿ ಮಾತ್ರ. ನಡೆಯುವ ದಾರಿ, ಮೆಟ್ರೊ, ಬಸ್ಸು ಯಾವುದೂ ಬರುವುದಿಲ್ಲ. ಪ್ಯಾರಿಸ್‌ನಲ್ಲಿ ಇದನ್ನು ಹೇಗೋ ಸುಧಾರಿಸಬಹುದು, ಮೆಟ್ರೊ ನಕ್ಷೆಯ ಪಿಡಿಎಫ್ ಇಳಿಸಿಕೊಂಡರಾಯಿತು. ವೆನಿಸ್‌ನಲ್ಲಿ ಏನು ಮಾಡುತ್ತೀರಿ? ಹಳೇ ಊರಲ್ಲಿ ಕಾರು ಓಡುವ ರಸ್ತೆಯೇ ಇಲ್ಲ. ಕಾರು, ಬಸ್ಸು ಎಲ್ಲ ಪಿಯಾತ್ಸಾಲೆ ರೋಮಾದಲ್ಲೇ ಕೊನೆ. ಅಲ್ಲಿಂದ ಮುಂದೆ ಕಾಲ್ನಡಿಗೆ, ಇಲ್ಲಾ ದೋಣಿ.

ಅದಕ್ಕೆ ಆರ್ಗ್ಯಾನಿಕ್ ಮ್ಯಾಪ್ಸ್ ಅನ್ನುವ ಆ್ಯಪ್ ಹಾಕಿಕೊಳ್ಳಿ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ನಕ್ಷೆ, ಪುಕ್ಕಟೆ, ಜಾಹೀರಾತಿಲ್ಲ. ನಕ್ಷೆ ಇಳಿಸಿಕೊಂಡ ಮೇಲೆ ನೆಟ್ ಇಲ್ಲದೆಯೂ ಓಣಿ, ಸೇತುವೆ, ಮೆಟ್ಟಿಲು ಎಲ್ಲ ಸೇರಿಸಿ ನಡೆಯುವ ದಾರಿ ತೋರಿಸುತ್ತದೆ.

ಇಷ್ಟೇ ಸಾಲದು. ವೆನಿಸ್‌ನಲ್ಲಿ ಮನೆ ನಂಬರು ರಸ್ತೆಯ ಪ್ರಕಾರ ಇಲ್ಲ, ಬಡಾವಣೆಯ ಪ್ರಕಾರ. ಊರಿಗೆ ಆರು ಬಡಾವಣೆ. ಒಂದೊಂದರಲ್ಲೂ ನಂಬರು ಸಾವಿರಗಟ್ಟಲೆ ಹೋಗುತ್ತದೆ. ಹೋಟೆಲ್ ವಿಳಾಸ "ಕನ್ನರೆಜೊ" ಅಂತ ಬಡಾವಣೆ ಹೆಸರು, ಪಕ್ಕದಲ್ಲಿ ನಾಲ್ಕಂಕಿ ನಂಬರು, ಅಷ್ಟೇ ಇರಬಹುದು. ಅದನ್ನು ಆಫ್‌ಲೈನ್‌ನಲ್ಲಿ ಟೈಪ್ ಮಾಡಿದರೆ ಸಿಗದೇ ಹೋಗಬಹುದು. ಹಾಗಾಗಿ ಇಲ್ಲಿಂದಲೇ ಹೋಟೆಲ್ ಬಾಗಿಲಿನ ಜಾಗ ಹುಡುಕಿ ಪಿನ್ ಹಾಕಿ ಸೇವ್ ಮಾಡಿ. ಬುಕಿಂಗ್‌ನಲ್ಲಿ ಕೊಟ್ಟ ಮ್ಯಾಪ್ ಜೊತೆ ತಾಳೆ ನೋಡಿ. ಹತ್ತಿರದ ದೋಣಿ ಸ್ಟಾಪ್‌ಗೂ ಒಂದು ಪಿನ್ ಹಾಕಿ. ಇನ್ನೊಂದು, ವೆನಿಸ್‌ಗೆ ರೈಲು ಸ್ಟೇಷನ್ ಎರಡಿವೆ. ಮೆಸ್ತ್ರೆ ಇರುವುದು ನೀರಿನ ಈಚೆ, ಮುಖ್ಯ ಭೂಭಾಗದಲ್ಲಿ, ಸಾಂತಾ ಲೂಚಿಯಾ ದ್ವೀಪದ ಮೇಲೆ. ಹೋಟೆಲ್ ಅಗ್ಗಕ್ಕೆ ಸಿಕ್ಕಿದೆ ಅಂದರೆ ಮೆಸ್ತ್ರೆಯಲ್ಲೇ ಇರುತ್ತದೆ ಅಂತ ನನ್ನ ಗುಮಾನಿ. ಟಿಕೆಟ್ ಮಾಡುವಾಗ ನೋಡಿ.

ಮ್ಯಾಪ್‌ನಲ್ಲಿ ನೀವಿರುವ ಜಾಗ ತೋರಿಸುವ ನೀಲಿ ಚುಕ್ಕೆಗೆ ನೆಟ್ ಬೇಕಿಲ್ಲ, ಜಿಪಿಎಸ್ ಉಪಗ್ರಹದಿಂದ ಬರುತ್ತದೆ. ಆದರೆ ನೆಟ್ ಇಲ್ಲದಿದ್ದರೆ ಮೊದಲ ಸಲ ಜಾಗ ಹಿಡಿಯಲು ನಿಮಿಷಗಟ್ಟಲೆ ಹೊತ್ತು ಬೇಕಾಗಬಹುದು. ಇಕ್ಕಟ್ಟಾದ ಓಣಿಯಲ್ಲಿ ಎತ್ತರದ ಗೋಡೆಗಳ ನಡುವೆ ಚುಕ್ಕೆ ಪಕ್ಕದ ಓಣಿಗೆ ಹಾರುತ್ತದೆ. ನೀವು ನಿಂತಲ್ಲೇ ನಿಂತಿದ್ದರೂ ಕಾಲುವೆ ಮಧ್ಯೆ ತೋರಿಸುತ್ತದೆ. ಆಗ ಹತ್ತಿರದ ಚೌಕದವರೆಗೆ ನಡೆದು ಆಕಾಶ ಕಾಣುವಲ್ಲಿ ನಿಂತುಕೊಳ್ಳಿ, ಸರಿಹೋಗುತ್ತದೆ.

ಹೊರಡುವ ಹಿಂದಿನ ದಿನ ಮನೆಯಲ್ಲೇ ಫ್ಲೈಟ್ ಮೋಡ್ ಹಾಕಿ, ವೈಫೈ ಕೂಡ ಆಫ್ ಮಾಡಿ. ಆರ್ಗ್ಯಾನಿಕ್ ಮ್ಯಾಪ್ಸ್ ತೆರೆದು ಸಾಂತಾ ಲೂಚಿಯಾ ಸ್ಟೇಷನ್‌ನಿಂದ ನಿಮ್ಮ ಹೋಟೆಲ್ ಪಿನ್‌ಗೆ ನಡೆಯುವ ದಾರಿ ಕೇಳಿ. ದಾರಿ ಬಂದರೆ ನಕ್ಷೆ ಇಳಿದಿದೆ ಅಂತ ಅರ್ಥ. ಡೌನ್‌ಲೋಡ್ ಮಾಡಿ ಅಂತ ಹೇಳಿದರೆ ಅಕ್ಕಪಕ್ಕದ ಯಾವುದೋ ಪ್ರದೇಶದ್ದು ಉಳಿದಿದೆ, ಅದನ್ನೂ ಇಳಿಸಿಕೊಳ್ಳಿ. ಇಬ್ಬರ ಫೋನಿನಲ್ಲೂ ಮಾಡಿ, ಒಬ್ಬರದು ಚಾರ್ಜ್ ಮುಗಿದೇ ಮುಗಿಯುತ್ತದೆ.