ಭೂಮಿ ಹುಣ್ಣಿಮೆಯ ಬುಟ್ಟಿಗೆ ಚಿತ್ತಾರ: ನೆರೆಹೊರೆಯವರಿಗೊಂದು ಕರೆಯೋಲೆ

ನಮ್ಮ ಕಟ್ಟಡದ ಎಲ್ಲ ಮನೆಯವರಿಗೂ ನಮಸ್ಕಾರಗಳು. ಆಶ್ವಯುಜ ಶುಕ್ಲ ತ್ರಯೋದಶಿಯ ದಿನ, ಅಂದರೆ ಭೂಮಿ ಹುಣ್ಣಿಮೆಗೆ ಎರಡು ದಿನ ಮೊದಲು, ಸಂಜೆ 4.30ಕ್ಕೆ ಕೆಳಗಿನ ಅಂಗಳದಲ್ಲಿ ಮಕ್ಕಳೆಲ್ಲ ಸೇರಿ ಭೂಮಣ್ಣಿ ಬುಟ್ಟಿಗೆ ಚಿತ್ತಾರ ಬರೆಯಲಿದ್ದಾರೆ. ತಾವು ಮಕ್ಕಳನ್ನು ಕಳುಹಿಸಿಕೊಡಬೇಕು, ಸಾಧ್ಯವಾದರೆ ತಾವೂ ಬಂದು ಕುಳಿತುಕೊಳ್ಳಬೇಕು ಎಂದು ಕೇಳಿಕೊಳ್ಳುತ್ತೇನೆ. ಕರೆಯುವ ಮುನ್ನ ಈ ಕೆಲಸ ಏನು, ಯಾಕೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಬರೆಯುವುದು ನನ್ನ ಕರ್ತವ್ಯವೆಂದು ಭಾವಿಸಿದ್ದೇನೆ, ಏಕೆಂದರೆ ನಮ್ಮಲ್ಲಿ ಬೇರೆ ಬೇರೆ ಜಿಲ್ಲೆಗಳಿಂದ ಬಂದು ಶಿವಮೊಗ್ಗದಲ್ಲಿ ನೆಲೆಸಿದವರು ಅನೇಕರಿದ್ದಾರೆ, ಅವರಲ್ಲಿ ಕೆಲವರಿಗೆ ಈ ಹಬ್ಬ ಶೀಗಿ ಹುಣ್ಣಿಮೆ ಎಂಬ ಹೆಸರಿನಲ್ಲಿ ಪರಿಚಯವಿದ್ದರೂ ಬುಟ್ಟಿಯ ವಿಷಯ ಹೊಸದು.

ದಸರೆ ಮುಗಿಯುವ ಹೊತ್ತಿಗೆ ಮಲೆನಾಡಿನ ಗದ್ದೆಗಳಲ್ಲಿ ಭತ್ತ ಹೊಡೆ ತುಂಬಿ ತೆನೆ ಬಿಚ್ಚುತ್ತಿರುತ್ತದೆ. ಆ ಹೊತ್ತಿನ ಭೂಮಿಯನ್ನು ನಮ್ಮವರು ಬಸುರಿ ಹೆಣ್ಣುಮಗಳೆಂದೇ ನೋಡಿದರು. ಬಸುರಿಗೆ ಬಯಕೆಯ ಊಟ ಬಡಿಸಬೇಕಲ್ಲವೇ, ಹಾಗೆ ಹುಣ್ಣಿಮೆಯ ಹಿಂದಿನ ರಾತ್ರಿಯೆಲ್ಲ ಎಚ್ಚರವಿದ್ದು ಅಡುಗೆ ಮಾಡುತ್ತಾರೆ, ಬೆಳಕು ಹರಿಯುವ ಮುನ್ನ ಅದನ್ನು ಬುಟ್ಟಿಯಲ್ಲಿ ತುಂಬಿ ತಲೆಯ ಮೇಲೆ ಹೊತ್ತು ಗದ್ದೆಗೆ ಒಯ್ಯುತ್ತಾರೆ. ಬಗೆಬಗೆಯ ಸೊಪ್ಪುಗಳನ್ನು ಸೇರಿಸಿ ಬೇಯಿಸಿದ ಹಚ್ಚಂಬಲಿಯನ್ನು ಪೈರಿನ ಮೇಲೆ ಬೀರುತ್ತಾ, ಭೂತಾಯಿ ಬಂದು ಉಂಡು ಹೋಗಲಿ ಎಂದು ಕೂಗಿ ಕರೆಯುತ್ತಾರೆ. ಆಮೇಲೆ ಗದ್ದೆಯಲ್ಲೊಂದು ಕಡೆ ಪೈರಿಗೆ ಪೂಜೆ. ಮನೆಯ ಹೆಣ್ಣುಮಕ್ಕಳು ತಮ್ಮ ಕೊರಳಿನ ಸರವನ್ನೇ ತೆಗೆದು ಭತ್ತದ ಪೈರಿಗೆ ತೊಡಿಸುವುದೂ ಉಂಟು. ಎಡೆ ಇಡುವಾಗ ಕಾಗೆಯನ್ನೂ ಇಲಿಯನ್ನೂ ಮರೆಯುವುದಿಲ್ಲ. ಬೆಳೆಯಲ್ಲಿ ಪಾಲು ಕೇಳುವ ಇಲಿಗೂ ಹಬ್ಬದ ದಿನ ಎಡೆ ಸಲ್ಲುತ್ತದೆ ಎಂಬುದು ನನಗೆ ಈ ಹಬ್ಬದಲ್ಲಿ ಬಹಳ ಇಷ್ಟವಾದ ಸಂಗತಿ.

ಆ ಊಟವನ್ನು ಹೊತ್ತೊಯ್ಯುವ ಬುಟ್ಟಿಯೇ ಭೂಮಣ್ಣಿ ಬುಟ್ಟಿ. ಸಾಗರ, ಸೊರಬ, ಹೊಸನಗರದ ಕಡೆಯ ದೀವರ ಸಮುದಾಯದ ಮನೆಗಳಲ್ಲಿ ಹೆಂಗಸರು ಗೋಡೆಗೆ ಬರೆಯುವ ಹಸೆ ಚಿತ್ತಾರದ ಕೈಯನ್ನೇ ಇದಕ್ಕೂ ಬಳಸುತ್ತಾರೆ. ನನ್ನ ಅತ್ತೆಯವರು ಸಾಗರದ ಕಡೆಯವರು. ಅವರು ಆ ಸಂಜೆ ಮಕ್ಕಳ ನಡುವೆ ಕುಳಿತು ಹೇಳಿಕೊಡುತ್ತಾರೆ. ಪದ್ಧತಿಯಂತೆ ಬುಟ್ಟಿಗಳು ಎರಡೇ ಇರುತ್ತವೆ: ಪೂಜೆಯ ಸಾಮಗ್ರಿಗೂ ಊಟಕ್ಕೂ ದೊಡ್ಡದು, ಹಚ್ಚಂಬಲಿಗೆ ಚಿಕ್ಕದು. ಪ್ರತಿ ಮಗುವಿಗೂ ಒಂದೊಂದು ಬುಟ್ಟಿ ಕೊಟ್ಟು, ಚೆನ್ನಾಗಿ ಬರೆದವರಿಗೆ ಬಹುಮಾನ ಇಡಬಾರದೇಕೆ ಎಂದು ಕೆಲವರು ಕೇಳಿದ್ದಾರೆ. ಸಲಹೆ ಕೊಟ್ಟವರ ಮನಸ್ಸು ಒಳ್ಳೆಯದೇ ಆದರೂ ನಾನು ಅದಕ್ಕೆ ಒಪ್ಪಲಿಲ್ಲ. ಈ ಬುಟ್ಟಿ ಬಡಿಸುವ ಪಾತ್ರೆ. ಅದನ್ನು ನೋಡಬೇಕಾದವಳು ಗದ್ದೆಯಲ್ಲಿದ್ದಾಳೆ, ತೀರ್ಪುಗಾರರ ಮೇಜಿನ ಮುಂದೆ ಅಲ್ಲ. ಆದ್ದರಿಂದ ಎಲ್ಲ ಮಕ್ಕಳೂ ಸರದಿಯಲ್ಲಿ ಈ ಎರಡೇ ಬುಟ್ಟಿಗಳ ಮೇಲೆ ಬರೆಯುತ್ತಾರೆ.

ಬುಟ್ಟಿಗೆ ಬಣ್ಣ ಕೂರಬೇಕಾದರೆ ಅದಕ್ಕೆ ಮೊದಲು ನೆಲ ಸಿದ್ಧವಾಗಬೇಕು, ಈ ಭಾಗವನ್ನು ನಾವು ದೊಡ್ಡವರು ಮೊದಲೇ ಮುಗಿಸಿರುತ್ತೇವೆ. ವಿಜಯದಶಮಿಯ ದಿನ ಬಿದಿರಿನ ಬುಟ್ಟಿಗೆ ಸಗಣಿ ಬಳಿಯುತ್ತೇವೆ. ಹೆಣಿಗೆಯ ಸಂದುಗಳು ಮುಚ್ಚುವಷ್ಟು ಮಾತ್ರ ತೆಳ್ಳಗೆ ಬಳಿಯಬೇಕು. ದಪ್ಪಗೆ ಬಳಿದರೆ ಒಣಗುವಾಗ ಬಿರುಕು ಬಿಟ್ಟು, ಮೇಲಿನ ಚಿತ್ತಾರವನ್ನೂ ಎಬ್ಬಿಸಿಕೊಂಡು ಚಕ್ಕೆಯಾಗಿ ಉದುರುತ್ತದೆ. ಮರುದಿನ ಮತ್ತು ಅದರ ಮರುದಿನ ಬಟ್ಟೆಯಲ್ಲಿ ಸೋಸಿ ತಿಳಿ ನೀರು ಬಸಿದ ಕೆಮ್ಮಣ್ಣಿನ ಎರಡು ಲೇಪ. ಒಣಗಿದ ಲೇಪದ ಮೇಲೆ ಬೆರಳು ಆಡಿಸಿದಾಗ ಪುಡಿ ಹತ್ತಿದರೆ ಮಣ್ಣಿಗೆ ಹಿಡಿತ ಸಾಲದೆಂದು ಅರ್ಥ. ಎರಡನೆಯ ಲೇಪಕ್ಕೆ ಸ್ವಲ್ಪ ಅಕ್ಕಿ ಗಂಜಿ ಸೇರಿಸಿದರೆ ಸರಿಹೋಗುತ್ತದೆ.

ನಮ್ಮ ಊರಿನಲ್ಲಿ ದೊಡ್ಡ ತೊಡಕೆಂದರೆ ಈ ದಿನಗಳ ಮಳೆ. ಚಿತ್ತೆ ಮಳೆಯ ಕಾಲ, ಮಧ್ಯಾಹ್ನ ಬಿಸಿಲಿದ್ದು ಸಂಜೆಗೆ ಗುಡುಗು. ಬುಟ್ಟಿ ನೋಡಲು ಒಣಗಿದಂತಿದ್ದರೂ ಒಳಗೆ ತೇವ ಉಳಿದಿರಬಹುದು. ಅತ್ತೆಯವರು ಅಂಗೈಯ ಹಿಂಬದಿಯನ್ನು ಅದಕ್ಕೆ ತಾಗಿಸಿ ನೋಡುತ್ತಾರೆ. ತಣ್ಣಗೆ ಅನ್ನಿಸಿದರೆ ಇನ್ನೂ ಹಸಿಯಿದೆ ಎಂದೇ ಲೆಕ್ಕ. ಹಸಿ ಮಣ್ಣಿನ ಮೇಲೆ ಬಿಳಿ ಎಳೆದರೆ ಅಂಚು ಹರಡಿ, ಕೆಂಪು ಬೆರೆತು, ಬಿಳಿಯು ಮಾಸಲು ಗುಲಾಬಿಯಾಗುತ್ತದೆ. ಆದ್ದರಿಂದ ಬುಟ್ಟಿಗಳನ್ನು ಮಹಡಿಯ ಮೇಲೆ ಬಿಡದೆ ಮೆಟ್ಟಿಲ ಕೆಳಗಿನ ಗಾಳಿಯಾಡುವ ಜಾಗದಲ್ಲಿ ಮಗುಚಿ ಇಟ್ಟಿರುತ್ತೇವೆ. ದಯವಿಟ್ಟು ಅವುಗಳ ಮೇಲೆ ಕೊಡೆಯನ್ನಾಗಲಿ ಹೆಲ್ಮೆಟ್ಟನ್ನಾಗಲಿ ಇಡಬೇಡಿ.

ಬಣ್ಣಗಳು ಅಡುಗೆಮನೆಯಿಂದಲೇ ಬರುತ್ತವೆ. ಬಿಳಿಗೆ ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದ ಹಿಟ್ಟು. ಕಪ್ಪಿಗೆ ಕರಿಯಾಗುವವರೆಗೆ ಹುರಿದ ಅಕ್ಕಿಯನ್ನು ನೀರಿನಲ್ಲಿ ಕುದಿಸಿ ಅರೆದದ್ದು. ಹಳದಿಗೆ ಗುರಿಗೆ ಕಾಯಿ. ಗುರಿಗೆ ಸಿಗದಿದ್ದರೆ ಅರಿಶಿನ ಬಳಸುತ್ತೇವೆ, ಅದು ಬಿಸಿಲಿಗೆ ಬೇಗ ಮಂಕಾಗುತ್ತದೆ ಎಂಬುದನ್ನು ಬಲ್ಲೆವು, ಆದರೆ ಈ ಬುಟ್ಟಿ ಹೊಳೆಯಬೇಕಾದುದು ಒಂದು ನಸುಕಿನ ಹೊತ್ತಿಗೆ ಮಾತ್ರ. ಬಿಳಿ ಗಟ್ಟಿಯಾಗಿ ಕಾಣಲಿ ಎಂದು ಯಾರೂ ಸುಣ್ಣ ಬೆರೆಸಬಾರದು. ಅರಿಶಿನಕ್ಕೆ ಸುಣ್ಣ ತಾಗಿದಲ್ಲೆಲ್ಲ ಓಕುಳಿಯಂತೆ ಕೆಂಪಾಗುತ್ತದೆ, ಜೊತೆಗೆ ಮಕ್ಕಳ ಕೈಗೂ ಅದು ಒಳ್ಳೆಯದಲ್ಲ. ಅಂಗಡಿಯ ಅಕ್ರಿಲಿಕ್ ಬಣ್ಣವನ್ನೂ ತರಬೇಡಿ. ಬಿಸಿ ಕಡುಬನ್ನೂ ಹಚ್ಚಂಬಲಿಯನ್ನೂ ತುಂಬುವ ಬುಟ್ಟಿ ಅದು; ಊಟಕ್ಕೆ ಹತ್ತಿದರೂ ಗದ್ದೆಯ ಕೆಸರಿಗೆ ಬಿದ್ದರೂ ಹಾನಿಯಾಗದ ಬಣ್ಣವೇ ಅದಕ್ಕೆ ತಕ್ಕುದು.

ಅಕ್ಕಿ ಹಿಟ್ಟಿನ ಸ್ವಭಾವವನ್ನು ತಂದೆತಾಯಂದಿರು ಮೊದಲೇ ತಿಳಿದಿದ್ದರೆ ಮಕ್ಕಳಿಗೆ ಸಹಾಯವಾಗುತ್ತದೆ. ಅದು ಹಸಿಯಾಗಿದ್ದಾಗ ಹೆಚ್ಚು ಕಾಣುವುದಿಲ್ಲ, ಒಣಗುತ್ತಾ ಹೋದಂತೆ ಬೆಳ್ಳಗಾಗುತ್ತದೆ. ಗೆರೆ ಮೂಡಲಿಲ್ಲವೆಂದುಕೊಂಡು ಮಕ್ಕಳು ಅದೇ ಜಾಗಕ್ಕೆ ಮತ್ತೆ ಮತ್ತೆ ಹಚ್ಚುತ್ತಾರೆ, ಸ್ವಲ್ಪ ಹೊತ್ತಿಗೆ ಅಲ್ಲೊಂದು ಗಡ್ಡೆ ನಿಂತು, ಒಣಗಿ ಹಾರುತ್ತದೆ. ಒಮ್ಮೆ ಎಳೆದು ಕೈ ಬಿಟ್ಟು, ಬೇರೆ ಕಡೆ ಬರೆಯುತ್ತಾ, ಕಾದು ನೋಡುವುದೇ ಇದರ ಕ್ರಮ. ಕುಂಚ ಪುಂಡಿ ನಾರಿನದು, ನೆನೆಸಿ ತುದಿಯನ್ನು ಜಜ್ಜಿ ಎಳೆ ಬಿಡಿಸಿದ್ದು. ಪೆನ್ನಿನಂತೆ ಮುಂದಕ್ಕೆ ತಳ್ಳಿದರೆ ನಾರು ಸೀಳುತ್ತದೆ. ತಮ್ಮ ಕಡೆಗೆ ಎಳೆದುಕೊಳ್ಳಬೇಕು, ಕೈ ಒಂದೇ ಕಡೆ ನಿಲ್ಲಬೇಕು, ತಿರುಗಬೇಕಾದುದು ಬುಟ್ಟಿ.

ದುಂಡಗಿನ ಬುಟ್ಟಿಯ ಮೇಲೆ ಬರೆಯುವವರಿಗೆ ಎಲ್ಲಕ್ಕಿಂತ ಹೆಚ್ಚು ತೊಂದರೆ ಕೊಡುವುದು ಕೊನೆಯ ಮನೆ, ಅಂದರೆ ಗೆರೆಗಳ ನಡುವಿನ ಕೊನೆಯ ಅಂಕಣ. ಒಂದು ಕಡೆಯಿಂದ ಅಂದಾಜಿನಲ್ಲಿ ಬರೆಯುತ್ತಾ ಹೋದರೆ ಸುತ್ತು ಮುಗಿಯುವಲ್ಲಿ ಅರ್ಧ ಗೊಂಬೆಗೂ ಜಾಗ ಉಳಿದಿರುವುದಿಲ್ಲ. ಅದಕ್ಕೆ ನೂಲಿನ ಉಪಾಯವಿದೆ. ನಮ್ಮ ಚಿಕ್ಕ ಬುಟ್ಟಿಯ ಬಾಯಿ 12 ಅಂಗುಲ ಅಗಲ. ಅದರ ಸುತ್ತ ನೂಲು ಹಿಡಿದರೆ ಸುಮಾರು 38 ಅಂಗುಲ ಬರುತ್ತದೆ. ಆ ನೂಲನ್ನು ಮೂರು ಸಲ ಮಡಿಸಿದರೆ ಎಂಟು ಸಮಪಾಲು, ಒಂದೊಂದು ಪಾಲು ಐದು ಅಂಗುಲಕ್ಕೆ ತುಸು ಕಡಿಮೆ. ಮಡಿಕೆ ಬಿದ್ದಲ್ಲೆಲ್ಲ ಬಾಯಂಚಿಗೆ ಗುರುತು ಹಾಕುತ್ತೇವೆ. ತಳ ಕಿರಿದು, 8 ಅಂಗುಲ ಮಾತ್ರ. ಅಲ್ಲಿಯೂ ಹೀಗೆಯೇ ಅಳೆದು ಮಡಿಸಿದರೆ ಪಾಲು ಮೂರು ಅಂಗುಲದಷ್ಟೇ ಆಗುತ್ತದೆ. ಮೇಲಿನ ಗುರುತಿನಿಂದ ಕೆಳಗಿನ ಗುರುತಿಗೆ ಬಿಳಿ ಎಳೆಗಳನ್ನು ಇಳಿಸಿದಾಗ ಎಂಟು ಮನೆಗಳು ಮೂಡುತ್ತವೆ, ಎಲ್ಲವೂ ಕೆಳಗೆ ಬರುತ್ತಾ ಕಿರಿದಾಗುತ್ತವೆ. ಹೀಗಾಗಿ ಅಗಲವಾದ ಮೇಲ್ಭಾಗದಲ್ಲಿ ಸೂರ್ಯ ಚಂದ್ರ, ಎತ್ತು ನೇಗಿಲು, ಕೈ ಹಿಡಿದು ನಿಂತ ಗೊಂಬೆಸಾಲು. ಕಿರಿದಾದ ಕೆಳಭಾಗದಲ್ಲಿ ಭತ್ತದ ಸಸಿ. ಸಸಿಯ ಬುಡ ಕಿರಿದು, ತೆನೆ ಅಗಲ, ಆದ್ದರಿಂದ ಅದು ಆ ಜಾಗಕ್ಕೆ ತಾನಾಗಿಯೇ ಹೊಂದಿಕೊಳ್ಳುತ್ತದೆ. ದೊಡ್ಡ ಬುಟ್ಟಿಗೂ ಎಂಟೇ ಮನೆ. ಒಟ್ಟು ಹದಿನಾರು ಮನೆಗಳನ್ನು ಮಕ್ಕಳಿಗೆ ಹಂಚುತ್ತೇವೆ. ತೀರಾ ಚಿಕ್ಕವರಿಗೆ ಕೆಮ್ಮಣ್ಣು ಬಳಿದ ಹಳೆಯ ಮೊರಗಳನ್ನು ಇಟ್ಟಿದ್ದೇವೆ. ಗೆರೆ ಸೊಟ್ಟಗಾದರೆ ಯಾರೂ ತಿದ್ದಿ ಬರೆಯಬಾರದೆಂದು ಅತ್ತೆಯವರ ಕಟ್ಟಪ್ಪಣೆ. ಮಗು ಬಡಿಸಿದ ಅನ್ನ ಎಲೆಯ ಹೊರಗೆ ಚೆಲ್ಲಿತೆಂದು ಯಾವ ತಾಯಿಯೂ ಎದ್ದು ಹೋಗುವುದಿಲ್ಲ ಎನ್ನುತ್ತಾರೆ ಅವರು.

ಗದ್ದೆಯಿಲ್ಲದ ನಾವು ಇದನ್ನು ಆಚರಿಸುವುದು ಎಷ್ಟು ಸರಿ ಎಂದು ನನ್ನನ್ನು ನಾನೇ ಕೇಳಿಕೊಂಡಿದ್ದೇನೆ. ಅಂಗಳದ ಹೂಕುಂಡಕ್ಕೆ ಹಚ್ಚಂಬಲಿ ಬೀರಿ ಮುಗಿಸಿಬಿಡಬಹುದು, ಆದರೆ ನನಗೆ ಅದು ಒಗ್ಗಲಿಲ್ಲ. ನಾವು ಉಣ್ಣುವ ಅಕ್ಕಿ ಬೆಳೆದ ಮಣ್ಣು ಎಲ್ಲೋ ಇದೆ. ಅದರ ಬದುವಿನ ಮೇಲೆ ಮಕ್ಕಳು ಒಮ್ಮೆಯಾದರೂ ನಿಂತು, ಉಂಡು ಹೋಗಮ್ಮಾ ಎಂದು ತಮ್ಮ ದನಿಯಲ್ಲಿ ಕರೆಯಲಿ ಎಂಬುದು ನನ್ನ ಹಂಬಲ. ಸಾಗರ ರಸ್ತೆಯ ಕಡೆ ನಮ್ಮ ನೆಂಟರ ಗದ್ದೆಯಿದೆ. ಈ ಬುಟ್ಟಿಗಳೂ ತಮ್ಮ ಬುಟ್ಟಿಯ ಜೊತೆಗೆ ಬರಲಿ ಎಂದು ಆ ಮನೆಯವರು ಒಪ್ಪಿಗೆ ಕೊಟ್ಟಿದ್ದಾರೆ. ಪೂಜೆ ಅವರ ಮನೆಯ ಕ್ರಮದಂತೆ ನಡೆಯುತ್ತದೆ; ನಾವು ಅತಿಥಿಗಳಾಗಿ ಹಿಂದೆ ನಿಲ್ಲುತ್ತೇವೆ.

ತ್ರಯೋದಶಿಯ ಸಂಜೆಗೆ ಮಕ್ಕಳಿಗೆ ಹಳೆಯ ಬಟ್ಟೆ ಹಾಕಿ ಕಳುಹಿಸಿ, ಜೊತೆಗೆ ಒಂದು ಒರೆಸುವ ಬಟ್ಟೆಯಿರಲಿ. ಕೈಯಲ್ಲಿ ಗಾಯವಿರುವ ಮಕ್ಕಳು ಮೊರ ಬುಟ್ಟಿಗಳನ್ನು ಮುಟ್ಟದೆ ಹಿಟ್ಟು ಸೋಸುವ ಕೆಲಸ ಮಾಡಲಿ, ಉಳಿದವರೆಲ್ಲ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಲೇಬೇಕು. ಮಳೆ ಬಂದರೆ ವಾಹನ ನಿಲ್ಲಿಸುವ ಜಾಗಕ್ಕೆ ಸರಿಯುತ್ತೇವೆ, ಅಂದು 4 ಗಂಟೆಯೊಳಗೆ ಎರಡು ಕಾರುಗಳಷ್ಟು ಜಾಗ ಬಿಟ್ಟುಕೊಟ್ಟರೆ ಉಪಕಾರವಾಗುತ್ತದೆ. ಚತುರ್ದಶಿಯ ರಾತ್ರಿ ನಮ್ಮ ಮನೆಯಲ್ಲಿ ಅಡುಗೆ; ಸೊಪ್ಪು ಸೋಸಲು, ಸೌತೆಕಾಯಿ ತುರಿಯಲು ಬರುವ ಎಲ್ಲರಿಗೂ ಸ್ವಾಗತ. ಹಿತ್ತಲಿನಿಂದಲೋ ಊರಿನಿಂದಲೋ ಸೊಪ್ಪು ತರುವವರು ತಮಗೆ ಖಚಿತವಾಗಿ ಗುರುತಿರುವ, ಮನೆಯಲ್ಲಿ ಉಂಡು ಗೊತ್ತಿರುವ ಸೊಪ್ಪನ್ನಷ್ಟೇ ತನ್ನಿ. ಹುಣ್ಣಿಮೆಯ ನಸುಕಿನ 4.30ಕ್ಕೆ ಕೆಳಗಿನಿಂದ ಹೊರಡುತ್ತೇವೆ. ಬದುಗಳಲ್ಲಿ ಕೆಸರಿದೆ, ಹುಲ್ಲಿನಲ್ಲಿ ಇಂಬಳ ಇರಬಹುದು; ಉಪ್ಪಿನ ಪೊಟ್ಟಣವನ್ನೂ ಟಾರ್ಚನ್ನೂ ಮರೆಯಬೇಡಿ. ಎಷ್ಟು ಜನ ಬರುತ್ತೀರೆಂದು ದಶಮಿಯೊಳಗೆ ತಿಳಿಸಿದರೆ ಕಡುಬಿಗೆ ಅಕ್ಕಿ ನೆನೆಸಲು ಅನುಕೂಲ.