ದೊಡ್ಡಮ್ಮನ ನೋಟ್‌ಬುಕ್: ‘ಕಣದ ಮಳೆ’ ಅಧ್ಯಾಯ, ಮೂರನೇ ವಾರ

ಸೋಮವಾರ

ದೊಡ್ಡಮ್ಮ ಬರೆದಿಟ್ಟ ಬಾಲ್ಯದ ನೆನಪುಗಳಲ್ಲಿ ನಾಲ್ಕನೇ ಅಧ್ಯಾಯ ಟೈಪ್ ಮಾಡಿ ಮುಗಿಸಿದ್ದೆ. ಸೋಮವಾರಪೇಟೆ ಕಡೆಯ ತೋಟ, ಅವರಿಗೆ ಒಂಬತ್ತು ವರ್ಷ, ಕಣದಲ್ಲಿ ಹರಡಿದ ರೋಬಸ್ಟಾ ಕಾಫಿಯ ಮೇಲೆ ಅಕಾಲದಲ್ಲಿ ಮಳೆ. ಕಳೆದ ವಾರ ನಾನು ಮಾಡಿದ ತಪ್ಪು ಇದು: ಕಾಲ ತಪ್ಪಿದೆ ಎನಿಸಿದ ಕಡೆಯೆಲ್ಲ ಕ್ರಿಯಾಪದವನ್ನು ಭೂತಕಾಲಕ್ಕೆ ತಿರುಗಿಸಿಬಿಟ್ಟೆ. ಓದಿ ಹೇಳಿದಾಗ ದೊಡ್ಡಮ್ಮ ಕೇಳಿಸಿಕೊಂಡು, “ಇದು ಸರಿಯಾಗೇ ಇದೆ ಮಗಾ, ಆದ್ರೆ ನಾನು ಹೇಳಿದ ಹಾಗಿಲ್ಲ” ಅಂದರು. ಹಳೆಯ ಪ್ರತಿಯನ್ನೇ ತೆಗೆದುಕೊಂಡು ಮತ್ತೆ ಶುರು ಮಾಡಿದೆ.

ಅವರು ಬರೆದದ್ದು ಹೀಗಿತ್ತು:

“ಫೆಬ್ರುವರಿ ಬಂತೆಂದರೆ ಕಣದ ತುಂಬ ಕಾಫಿ ಹರಡಿರುತ್ತಿತ್ತು. ಅವತ್ತು ಮಧ್ಯಾಹ್ನ ಮೋಡ ಕವಿಯಿತು. ಜಗಲಿಗೆ ಬಂದು ನೋಡ್ತೀನಿ, ಅಪ್ಪ ಒಬ್ಬರೇ ಟಾರ್ಪಾಲು ಎಳೀತಾ ಇದ್ದಾರೆ. ನಾವೆಲ್ಲ ಓಡಿದೆವು. ಅವ್ವ ಕಾಫಿ ಗುಡ್ಡೆ ಮಾಡುತ್ತಾಳೆ. ಅಷ್ಟರಲ್ಲಿ ಮಳೆ ಬಂದೇಬಿಟ್ಟಿತು. ಕಾಫಿ ನೆನೆಯಿತೆಂದು ಅಪ್ಪನಿಗೆ ಸಂಕಟ, ಹೂಮಳೆ ಸಿಕ್ಕಿತೆಂದು ಒಳಗೊಳಗೇ ಸಂತೋಷ. ಸಾಲ ತೀರಿಸುವುದು ಹೇಗೆಂದು ಅವರು ರಾತ್ರಿಯೆಲ್ಲ ಯೋಚಿಸಿದರು.”

ಬುಧವಾರ

ಪ್ರಿಂಟ್ ತೆಗೆದು ವಾಕ್ಯದ ಕೊನೆಯ ಕ್ರಿಯಾಪದಗಳಿಗೆ ಮಾತ್ರ ಗೆರೆ ಹಾಕಿದೆ. ‘ಬಂದು’, ‘ಓಡಿ’ ಮುಂತಾದವಕ್ಕೆ ಸ್ವಂತ ಕಾಲವಿಲ್ಲ, ಕೊನೆಯ ಕ್ರಿಯಾಪದದ ಕಾಲವನ್ನೇ ಹಿಡಿದು ನಡೆಯುತ್ತವೆ. ಅವನ್ನು ಬಿಟ್ಟರೆ ಅರ್ಧ ಕೆಲಸ ಉಳಿಯುತ್ತದೆ, ಅಂದರೆ ಮಿಗುತ್ತದೆ. ‘ಇರುತ್ತಿತ್ತು’ ತರಹದ ರೂಢಿಗೆ ಹಸಿರು, ಅವತ್ತೊಂದು ದಿನ ನಡೆದದ್ದಕ್ಕೆ ನೀಲಿ, ವರ್ತಮಾನಕ್ಕೆ ಕೆಂಪು.

ಮೊದಲು ಹಸಿರು, ಆಮೇಲೆ ನೀಲಿ. ಅದು ಜಾರಿದ್ದಲ್ಲ. ಪ್ರತಿವರ್ಷದ ಮಾತಿನಿಂದ ಒಂದು ದಿನಕ್ಕೆ ಇಳಿದದ್ದು, ‘ಅವತ್ತು’ ಎಂಬ ಮೆಟ್ಟಿಲೂ ಅಲ್ಲಿದೆ. ಕೆಂಪು ಎರಡು ಕಡೆ ಸಿಕ್ಕಿತು, ಎರಡರ ಸ್ವಭಾವವೂ ಬೇರೆ. ‘ನೋಡ್ತೀನಿ, ಎಳೀತಾ ಇದ್ದಾರೆ’ ನಮ್ಮ ಮನೆಯ ಹಿರಿಯರೆಲ್ಲ ಕತೆ ಹೇಳುವ ರೀತಿ. ಕಣ್ಣಿಗೆ ಬಿದ್ದ ಕ್ಷಣದಲ್ಲಿ ಹೇಳುವವರು ಅಲ್ಲೇ ಹೋಗಿ ನಿಲ್ಲುತ್ತಾರೆ, ‘ಓಡಿದೆವು’ ಎಂದಾಗ ಹಿಂದಕ್ಕೆ ಬರುತ್ತಾರೆ. ಅದನ್ನು ‘ನೋಡಿದೆ, ಎಳೆಯುತ್ತಿದ್ದರು’ ಮಾಡಿದ್ದೇ ನಾನು ಮಾಡಿದ ಕೊಲೆ. ‘ಗುಡ್ಡೆ ಮಾಡುತ್ತಾಳೆ’ ಹಾಗಲ್ಲ. ಹಿಂದೆಯೂ ಮುಂದೆಯೂ ನೀಲಿ, ನಡುವೆ ಒಂಟಿ ಕೆಂಪು, ಅಲ್ಲಿ ಹೊಸದಾಗಿ ಕಂಡದ್ದೇನೂ ಇಲ್ಲ. ಕ್ರಿಯಾರೂಪವೂ ಬರಹದ್ದು, ಅವರ ಬಾಯಿಯದ್ದಲ್ಲ. ‘ಗುಡ್ಡೆ ಮಾಡೋಕೆ ಶುರುಮಾಡಿದಳು’ ಎಂದು ಮಾಡಿದೆ. ಇಡೀ ಪುಟದಲ್ಲಿ ಬದಲಾಗಬೇಕಾದ ಕಾಲ ಇದೊಂದೇ!

ಶುಕ್ರವಾರ

ಹೆಚ್ಚು ಹೊತ್ತು ಹಿಡಿದದ್ದು ಕೊನೆಯ ಎರಡು ವಾಕ್ಯ. ಕಾಲ ಸರಿಯಿದೆ, ಆದರೆ ಜಗಲಿಯಲ್ಲಿದ್ದ ಹುಡುಗಿ ಇದ್ದಕ್ಕಿದ್ದಂತೆ ಅಪ್ಪನ ಎದೆಯೊಳಗೆ ಕೂತಿದ್ದಾಳೆ. ‘-ನಿಗೆ ಸಂತೋಷ’, ‘ಯೋಚಿಸಿದರು’ ಎಂಬಂಥ ಮಾತುಗಳನ್ನು ಹುಡುಕಿ, ಪ್ರತಿಯೊಂದರ ಪಕ್ಕದಲ್ಲೂ ‘ಇದು ಹೇಗೆ ಗೊತ್ತು?’ ಎಂದು ಬರೆದು ದೊಡ್ಡಮ್ಮನ ಹತ್ತಿರ ಹೋದೆ.

“ಸಾಲದ್ದು ಅವತ್ತು ನಿಮಗೆ ಗೊತ್ತಿತ್ತಾ, ದೊಡ್ಡಮ್ಮ?”

“ಎಲ್ಲಿ ಗೊತ್ತು? ನನ್ನ ಮದುವೆ ಆದ್ಮೇಲೆ ಅವ್ವ ಹೇಳಿದ್ದು.”

ಕನ್ನಡದಲ್ಲಿ ಇದಕ್ಕೆ ಎರಡಕ್ಷರದ ಮದ್ದಿದೆ: ‘ಅಂತೆ’. “ರಾತ್ರಿಯೆಲ್ಲ ಅಪ್ಪ ನಿದ್ದೆ ಮಾಡಲಿಲ್ಲವಂತೆ, ಸಾಲದ ಚಿಂತೆ. ಅವ್ವ ಅದನ್ನು ನನಗೆ ಹೇಳಿದ್ದು ನನ್ನ ಮದುವೆ ಆದಮೇಲೆ.” ದನಿ ಅವರದೇ ಉಳಿಯಿತು, ಗೊತ್ತಾದ ದಾರಿಯೂ ಕಂಡಿತು. ಆದರೆ ಸಂತೋಷದ ವಾಕ್ಯಕ್ಕೆ ಇದನ್ನೇ ಹಚ್ಚಲು ಮನಸ್ಸಾಗಲಿಲ್ಲ. ‘ಅಂತೆ’ಯ ಮೇಲೆ ‘ಅಂತೆ’ ಬಂದರೆ ಕಣ್ಣಾರೆ ಕಂಡವಳ ಮಾತು ಕೇಳಿದವರ ಮಾತಾಗುತ್ತದೆ. ‘ಇರಬೇಕು’ ಹಾಕಿದರೆ ಅನುಮಾನ.

ಅದಕ್ಕೇ ಕೇಳಿದೆ: ಅಪ್ಪ ಸಂತೋಷಪಟ್ಟದ್ದು ನಿಮಗೆ ಹೇಗೆ ಕಂಡಿತು? ದೊಡ್ಡಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, “ಟಾರ್ಪಾಲು ಹಾಕಿ ಆದ್ಮೇಲೂ ಅವರು ಒಳಗೆ ಬರ್ಲಿಲ್ಲ. ಮಳೆಯಲ್ಲೇ ನಿಂತು ಅಂಗೈ ಚಾಚಿದ್ರು.” ಹೂಮಳೆ ಬಿದ್ದರೆ ಹತ್ತು ದಿನದೊಳಗೆ ಗಿಡ ಬೆಳ್ಳಗಾಗುತ್ತದೆ, ಮುಂದಿನ ಫಸಲು ಅದರ ಮೇಲೆಯೇ ನಿಂತಿದೆ. ಕೊಡಗಿನ ಓದುಗರಿಗೆ ಆ ಅಂಗೈ ಸಾಕು. ಹೊರಗಿನವರಿಗಾಗಿ ಆಮೇಲೆ ಒಂದು ವಾಕ್ಯ ಇಟ್ಟೆವು: “ಎಂಟು ದಿನಕ್ಕೆ ತೋಟವೆಲ್ಲ ಹೂ.”

ಭಾನುವಾರ

ಅಧ್ಯಾಯದ ಕೊನೆಯಲ್ಲಿ ಒಂದು ಮಾತಿದೆ: “ಎಷ್ಟು ಕಾಫಿ ಹಾಳಾಯಿತೋ ನನಗೆ ಗೊತ್ತಿಲ್ಲ.” ‘ಗೊತ್ತಿರಲಿಲ್ಲ’ ಎಂದರೆ ಒಂಬತ್ತರ ಹುಡುಗಿ, ‘ಗೊತ್ತಿಲ್ಲ’ ಎಂದರೆ ಇವತ್ತಿನ ದೊಡ್ಡಮ್ಮ. ನಾನು ಹುಡುಗಿಯ ಕಡೆಗಿದ್ದೆ, ಅಧ್ಯಾಯವೆಲ್ಲ ಅವಳದ್ದಲ್ಲವೇ ಎಂದು. ಎರಡನ್ನೂ ಓದಿ ಹೇಳಿದೆ. “ಗೊತ್ತಿಲ್ಲ ಅಂತ್ಲೇ ಇಡು. ಈಗ್ಲೂ ಗೊತ್ತಿಲ್ಲ ನಂಗೆ, ಕೇಳೋಕೆ ಅಪ್ಪ ಇಲ್ಲ” ಅಂದರು. ಹಾಗೇ ಇಟ್ಟಿದ್ದೇನೆ. ಅದಕ್ಕೆ ಮೊದಲು ಒಂದು ಖಾಲಿ ಸಾಲು ಬಿಟ್ಟೆ, ಹುಡುಗಿಯಿಂದ ಅಜ್ಜಿಗೆ ದಾಟುವಷ್ಟು.